12ನೇ ಬೆಡ್: ನರ ಪರೀಕ್ಷೆಯ ದಾಖಲೆ, ಜುಲೈ 9, ರಾತ್ರಿ 10.40

ರಾತ್ರಿ ಡ್ಯೂಟಿಗೆ ಬರುವವರಿಗೆ. ಇವರ ನೋಟ್ಸ್ ನಾಲ್ಕು ಕಡೆ ಚದುರಿಹೋಗಿತ್ತು. ತಾಲೂಕು ಆಸ್ಪತ್ರೆಯ ಚೀಟಿ, ನಮ್ಮ ಕ್ಯಾಶುವಾಲ್ಟಿ ಶೀಟ್, ಇಂಟರ್ನ್ ಇಸಿಜಿ ಪೇಪರಿನ ಹಿಂಬದಿಯಲ್ಲಿ ಗೀಚಿದ್ದು, ಮತ್ತೆ ನನ್ನ ಜೇಬಿನ ಡೈರಿ. ಎಲ್ಲವನ್ನೂ ಇಲ್ಲಿ ಒಂದುಗೂಡಿಸಿದ್ದೇನೆ. ಒಂದಕ್ಕೊಂದು ತಾಳೆಯಾಗದ ಕಡೆ ನಾನೇ ಮತ್ತೆ ನೋಡಿ, ಯಾವುದನ್ನು ಇಟ್ಟುಕೊಂಡೆ, ಯಾಕೆ ಎಂದು ಬರೆದಿದ್ದೇನೆ. ಹಳೆಯ ಅಂಕಿ ಯಾವುದನ್ನೂ ಹೊಡೆದುಹಾಕಿಲ್ಲ.

ರೋಗಿ: 46 ವರ್ಷ, ಗಂಡಸು, ಪುತ್ತೂರು ಕಡೆಯವರು, ಬಲಗೈ ರೂಢಿ. ಬೆಳಿಗ್ಗೆ 7.30ರ ಸುಮಾರಿಗೆ ಅಡಿಕೆಗೆ ಮದ್ದು ಬಿಡುತ್ತಿದ್ದಾಗ ಮರದಿಂದ ಬಿದ್ದಿದ್ದಾರೆ. ಸುಮಾರು 25 ಅಡಿ ಎತ್ತರ, ಮರ ಮಳೆಗೆ ನೆನೆದಿತ್ತು. ಕುಂಡೆ ಊರಿ ಬಿದ್ದು ಹಿಂದಕ್ಕೆ ವಾಲಿದಾಗ ತಲೆಗೆ ಕಲ್ಲು ತಾಗಿದೆ. ಒಂದೆರಡು ನಿಮಿಷ ಎಚ್ಚರ ಇರಲಿಲ್ಲ ಎನ್ನುತ್ತಾರೆ ಅಳಿಯ. ವಾಂತಿ ಒಂದು ಸಲ, ಫಿಟ್ಸ್ ಇಲ್ಲ. ಶುಗರ್, ಬಿಪಿ ಏನೂ ಇಲ್ಲ. ತಲೆಯ ಸಿಟಿಯಲ್ಲಿ ಎಡ ಫ್ರಾಂಟಲ್‌ನಲ್ಲಿ ಸಣ್ಣ ಕಂಟ್ಯೂಷನ್, ಮಿಡ್‌ಲೈನ್ ಸರಿದಿಲ್ಲ. ಕುತ್ತಿಗೆಯ ಸಿಟಿ ಸರಿ ಇದೆ. ಡಿ11 ಬರ್ಸ್ಟ್ ಫ್ರಾಕ್ಚರ್, ಮೂಳೆಯ ಚೂರು ಕೆನಾಲ್ ಒಳಗೆ ನುಗ್ಗಿದೆ. ಎಡ ಮಣಿಕಟ್ಟಿನ ಮೂಳೆಯೂ ಮುರಿದಿದೆ, ಮೊಣಕೈ ಕೆಳಗೆ ಸ್ಲ್ಯಾಬ್ ಹಾಕಿದೆ. ಈ ಸ್ಲ್ಯಾಬ್ ನೆನಪಿರಲಿ, ಕೆಳಗೆ ಮೂರು ನಾಲ್ಕು ಸಲ ಬರುತ್ತದೆ.

ಕೋಮಾ ಸ್ಕೇಲ್

ಬೆಳಿಗ್ಗೆ 8.45, ತಾಲೂಕು ಆಸ್ಪತ್ರೆ: "13/15". ಬಿಡಿಸಿ ಬರೆದಿಲ್ಲ.
11.20, ಕ್ಯಾಶುವಾಲ್ಟಿ: ಇ3 ವಿ4 ಎಂ6, ಒಟ್ಟು 13.
ಮಧ್ಯಾಹ್ನ 1.00, ಇಂಟರ್ನ್: ಇ4 ವಿ4 ಎಂ6, ಒಟ್ಟು 14.
1.30, ನಾನು, ಸಿಸ್ಟರ್ ಜೊತೆ: ಇ4 ವಿ5 ಎಂ6, ಒಟ್ಟು 15.
ಸಂಜೆ 5.00 ಮತ್ತು ರಾತ್ರಿ 8.00: 15.
9.30: ಇ3 ವಿ5 ಎಂ6, ಒಟ್ಟು 14.
10.30: ಇ4 ವಿ5 ಎಂ6, ಒಟ್ಟು 15.

ಒಂದು ಗಂಟೆಯ ವಿ4 ಬಗ್ಗೆ ಸ್ವಲ್ಪ ಹೇಳಬೇಕು. ಇಂಟರ್ನ್ ಕಲಬುರಗಿ ಕಡೆಯವರು, ರೋಗಿ ಮಾತಾಡುವುದು ತುಳು. ಕನ್ನಡ ಅರ್ಥವಾಗುತ್ತದೆ, ಆದರೆ ನೋವಿನಲ್ಲಿ ಬಾಯಿಗೆ ಬರುವುದು ತುಳುವೇ. ಈಗ ಯಾವ ತಿಂಗಳು ಎಂದು ಕೇಳಿದ್ದಕ್ಕೆ "ಕಾರ್ತೆಲ್" ಎಂದಿದ್ದಾರೆ. ಇಸಿಜಿ ಪೇಪರಿನಲ್ಲಿ ಇಂಟರ್ನ್ "ಅರ್ಥವಿಲ್ಲದ ಪದ, ಗೊಂದಲದಲ್ಲಿದ್ದಾರೆ" ಎಂದು ಬರೆದಿಟ್ಟಿದ್ದರು. ಅದನ್ನು ಓದಿದ ಸಿಸ್ಟರ್ ನಕ್ಕುಬಿಟ್ಟರು, ಕಾರ್ತೆಲ್ ತುಳು ತಿಂಗಳು, ಇವತ್ತಿಗೆ ಅದೇ ನಡೆಯುತ್ತಿರುವುದು! ಆಮೇಲೆ ಸಿಸ್ಟರ್ "ಈರ್ ಓಲು ಉಲ್ಲರ್?" ಎಂದು ಕೇಳಿದರು. "ಆಸ್ಪತ್ರೆಡ್" ಎಂದರು. ಆಟಿ ಶುರುವಾಗಲು ಇನ್ನೊಂದು ವಾರ ಇದೆ ಎಂದೂ ತಾವಾಗಿಯೇ ಹೇಳಿದರು. ಇಷ್ಟು ಸರಿಯಾಗಿ ಹೇಳುವವರು ಗೊಂದಲದಲ್ಲಿ ಹೇಗಿರುತ್ತಾರೆ? ಹಾಗಾಗಿ ಒಂದು ಗಂಟೆಗೂ ವಿ5 ಇದ್ದಿರಬೇಕು ಎನ್ನುವುದು ನನ್ನ ಲೆಕ್ಕ. ಚಾರ್ಟಿನಲ್ಲಿ 14 ಹಾಗೇ ಬಿಟ್ಟಿದ್ದೇನೆ, ಪಕ್ಕದಲ್ಲಿ "ಭಾಷೆ" ಎಂದು ಬರೆದಿದ್ದೇನೆ. ರಾತ್ರಿ ನೋಡುವವರಿಗೆ ತುಳು ಬಾರದಿದ್ದರೆ ಸಿಸ್ಟರನ್ನೋ ಅಳಿಯನನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕೇಳಿ.

ತಾಲೂಕು ಚೀಟಿಯಲ್ಲಿ "ಕಾಲುಬೆರಳಿನ ಉಗುರು ಒತ್ತಿದರೆ ಪ್ರತಿಕ್ರಿಯೆ ಇಲ್ಲ" ಎಂದಿದೆ. ಅದನ್ನು ಎಂ1 ಎಂದು ಓದಿಕೊಳ್ಳಬೇಡಿ. ಸೊಂಟದ ಕೆಳಗೆ ತಿಳಿಯದವರ ಕಾಲಿನಲ್ಲಿ ಎಂ ಸ್ಕೋರ್ ಹುಡುಕಿದರೆ ಸಿಗುವುದಿಲ್ಲ. ಇವರಿಗೆ ಎಂ ನೋಡುವುದು ಬಲಗೈಯಲ್ಲಿ ಮಾತ್ರ: ಬೆರಳು ಹಿಡಿಯಿರಿ, ಬಿಡಿ, ಎರಡು ಬೆರಳು ತೋರಿಸಿ. ಹಿಡಿಯುವುದಕ್ಕಿಂತ ಬಿಡುವುದನ್ನೇ ಜಾಸ್ತಿ ನಂಬಿ.

9.30ರ ಇ3ಕ್ಕೆ ಕಾರಣ ಇದೆ. 9.00ಕ್ಕೆ ಟ್ರಮಡಾಲ್ 50 ಎಂಜಿ ನಿಧಾನವಾಗಿ ಕೊಟ್ಟಿತ್ತು, ನಿದ್ದೆ ಹತ್ತಿತ್ತು, ಕರೆದರೆ ಕಣ್ಣು ಬಿಟ್ಟರು. ಪ್ಯೂಪಿಲ್ ಎರಡೂ 3 ಮಿಮೀ, ಬೆಳಕಿಗೆ ಚುರುಕಾಗಿ ಕುಗ್ಗುತ್ತವೆ. ತಲೆಯಲ್ಲಿ ಕಂಟ್ಯೂಷನ್ ಇರುವುದರಿಂದ ಸುಮ್ನೆ ಮದ್ದಿನ ಮೇಲೆ ಹಾಕಿ ಬಿಡಲು ಮನಸ್ಸಾಗಲಿಲ್ಲ, ಒಂದು ಗಂಟೆ ಬಿಟ್ಟು ಮತ್ತೆ ನೋಡಿದೆ, ಪೂರ್ತಿ ಎಚ್ಚರ. ನೀವು ನೋಡುವಾಗ ನಿದ್ದೆಯಲ್ಲಿದ್ದರೆ ಮೊದಲು ಸರಿಯಾಗಿ ಎಬ್ಬಿಸಿ, ಆಮೇಲೆ ಸ್ಕೋರ್ ಹಾಕಿ.

ಕ್ರೇನಿಯಲ್ ನರ್ವ್‌ಗಳು: ಕಣ್ಣಿನ ಚಲನೆ, ಮುಖ, ನಾಲಿಗೆ ಎಲ್ಲ ಸರಿ. ಕಿವಿ, ಮೂಗಿನಿಂದ ಸೋರಿಕೆ ಇಲ್ಲ.

ಟೋನ್

ಬಲಗೈ ಸರಿ ಇದೆ. ಎಡ ಭುಜ, ಮೊಣಕೈ ಸರಿ, ಮಣಿಕಟ್ಟು ನೋಡಿಲ್ಲ. ಎರಡೂ ಕಾಲು ಪೂರ್ತಿ ಸಡಿಲ. ಬೆನ್ನುಮೂಳೆ ಭದ್ರ ಇಲ್ಲದ್ದರಿಂದ ಮಂಡಿ ಎತ್ತಿ ನೋಡುವ ಪರೀಕ್ಷೆ ಮಾಡಿಲ್ಲ, ನೀವೂ ಮಾಡಬೇಡಿ. ತೊಡೆಯ ಮೇಲೆ ಕೈಯಿಟ್ಟು ಕಾಲನ್ನು ಹಾಸಿಗೆಯ ಮೇಲೆಯೇ ಆಚೆ ಈಚೆ ಹೊರಳಿಸಿದೆ, ಪಾದ ಒದ್ದೆ ಬಟ್ಟೆಯ ಹಾಗೆ ಅತ್ತಿತ್ತ ಬೀಳುತ್ತದೆ. ಕ್ಲೋನಸ್ ಇಲ್ಲ. ಆಶ್ವರ್ತ್ ಸ್ಕೋರ್ ಹಾಕಿಲ್ಲ, ಅದು ಬಿಗಿತ ಅಳೆಯಲು ಇರುವುದು, ಇಲ್ಲಿ ಬಿಗಿತವೇ ಇಲ್ಲವಲ್ಲ. ಗುದದ ಟೋನ್ ಸಡಿಲ.

ಪವರ್ (ಎಂಆರ್‌ಸಿ ಗ್ರೇಡ್, 5ಕ್ಕೆ, ಎನ್‌ಟಿ ಅಂದರೆ ಪರೀಕ್ಷಿಸಲು ಆಗಿಲ್ಲ)

| ಚಲನೆ | ಬಲ | ಎಡ |
|---|---|---|
| ಭುಜ ಎತ್ತುವುದು | 5 | 5 |
| ಮೊಣಕೈ ಮಡಿಸುವುದು (ಸಿ5) | 5 | 5 |
| ಮಣಿಕಟ್ಟು ಮೇಲೆ (ಸಿ6) | 5 | ಎನ್‌ಟಿ |
| ಮೊಣಕೈ ಚಾಚುವುದು (ಸಿ7) | 5 | 5 |
| ಬೆರಳು ಮಡಿಸುವುದು (ಸಿ8) | 5 | ಎನ್‌ಟಿ |
| ಬೆರಳು ಅಗಲಿಸುವುದು (ಡಿ1) | 5 | ಎನ್‌ಟಿ |
| ಸೊಂಟದಲ್ಲಿ ತೊಡೆ ಮಡಿಸುವುದು (ಎಲ್2) | 0 | 0 |
| ಮಂಡಿ ಚಾಚುವುದು (ಎಲ್3) | 0 | 0 |
| ಪಾದ ಮೇಲೆ (ಎಲ್4) | 0 | 0 |
| ಹೆಬ್ಬೆರಳು ಮೇಲೆ (ಎಲ್5) | 1 | 0 |
| ಪಾದ ಕೆಳಗೆ (ಎಸ್1) | 1 | 0 |

ಕ್ಯಾಶುವಾಲ್ಟಿ ಶೀಟಿನಲ್ಲಿ ಎಡಗೈ "0" ಎಂದಿತ್ತು. ಸ್ಲ್ಯಾಬ್ ಒಳಗಿರುವ ಮಣಿಕಟ್ಟಿಗೆ ಸೊನ್ನೆ ಹಾಕಿದರೆ ನಾಳೆ ಓದುವವರು ಕುತ್ತಿಗೆಯಲ್ಲೂ ಏನೋ ಇದೆ ಅಂದುಕೊಳ್ಳುತ್ತಾರೆ, ಅಲ್ವಾ? ಬೆರಳುಗಳೆಲ್ಲ ಆಡುತ್ತಿವೆ, ನೋವಿನಿಂದ ಬಲ ಹಾಕುತ್ತಿಲ್ಲ ಅಷ್ಟೇ. ಅದೇ ಶೀಟಿನಲ್ಲಿ ಬಲ ತೊಡೆಗೆ 2 ಕೊಟ್ಟಿದ್ದರು. ನಾನು ತೊಡೆಯ ಮೇಲೆ ಕೈಯಿಟ್ಟು "ಎತ್ತಿ" ಎಂದಾಗ ಹೊಟ್ಟೆ ಬಿಗಿಯಾಯಿತು, ಸೊಂಟ ಸ್ವಲ್ಪ ಓರೆಯಾಯಿತು, ಕಾಲು ಅದರ ಜೊತೆ ಎಳೆದುಬಂತು. ತೊಡೆಯ ಸಂದಿಯಲ್ಲಿ ಬೆರಳಿಟ್ಟರೆ ಅಲ್ಲಿ ಸ್ನಾಯು ಸೆಟೆಯುವುದೇ ಇಲ್ಲ. ಅಷ್ಟರಲ್ಲೇ ನಿಲ್ಲಿಸಿದೆ. 0 ಎಂದು ಬರೆದಿದ್ದೇನೆ.

ಇನ್ನು ಬಲ ಹೆಬ್ಬೆರಳು. ಕ್ಯಾಶುವಾಲ್ಟಿಯಲ್ಲೂ ಇಂಟರ್ನ್ ನೋಟಿನಲ್ಲೂ 0. 1.30ಕ್ಕೆ ನಾನೂ 0 ಎಂದೇ ಬರೆಯುವವನಿದ್ದೆ. ಅಳಿಯ ಮೊಬೈಲ್ ಟಾರ್ಚ್ ಹಿಡಿದಿದ್ದರು, "ಡಾಕ್ಟ್ರೇ, ಈಗ ಏನೋ ಅಲುಗಿತು" ಎಂದರು. ಮತ್ತೆ ಐದು ಸಲ ಮಾಡಿಸಿದೆ. ಬೆರಳು ಏಳುವುದಿಲ್ಲ, ಆದರೆ ಪಾದದ ಮೇಲಿನ ತಂತಿ ಮೂರು ಸಲ ಸಣ್ಣದಾಗಿ ಸೆಟೆದು ಕಂಡಿತು, ಬೆರಳಿಗೂ ತಿಳಿಯಿತು. ಕಣ್ಣು ಮುಚ್ಚಿ ಬೇರೆ ಬೇರೆ ಹೊತ್ತಿಗೆ ಹೇಳಿದಾಗಲೂ ಬಂತು, ಹಾಗಾಗಿ ತಾನಾಗಿ ಆಗುವ ಸೆಳೆತ ಅಲ್ಲ. 5.00ಕ್ಕೂ 10.30ಕ್ಕೂ ಇದೆ. ಇವರ ಇಡೀ ದಾಖಲೆಯಲ್ಲಿ ಮುಖ್ಯವಾದ ಅಂಕಿ ಇದೇ 1.

ರಿಫ್ಲೆಕ್ಸ್

ಬೈಸೆಪ್ಸ್, ಟ್ರೈಸೆಪ್ಸ್ ಎರಡೂ ಕಡೆ 2+. ಸುಪಿನೇಟರ್ ಬಲ 2+, ಎಡ ಎನ್‌ಟಿ. ಮಂಡಿ, ಹಿಮ್ಮಡಿ ಎರಡೂ ಕಡೆ 0. ಕೈಬೆರಳು ಕೊಂಡಿ ಹಾಕಿಸಿ ಎಳೆಸಲು ಸ್ಲ್ಯಾಬ್ ಅಡ್ಡ ಬಂತು, ಹಲ್ಲು ಕಚ್ಚಿಸಿ ನೋಡಿದೆ, ಆಗಲೂ 0. ಹೊಟ್ಟೆಯ ರಿಫ್ಲೆಕ್ಸ್ ಮೇಲೆ ಎರಡೂ ಕಡೆ ಇದೆ, ಕೆಳಗೆ ಬಲ ಇದೆ, ಎಡ ಕ್ಷೀಣ. ಕ್ರಿಮಾಸ್ಟರಿಕ್ ಇಲ್ಲ. ಪ್ಲಾಂಟರ್ ಎರಡೂ ಕಡೆ ಏನೂ ಇಲ್ಲ. ಇಂಟರ್ನ್ "ಫ್ಲೆಕ್ಸರ್" ಎಂದು ಬರೆದಿದ್ದು ಅಂಗಾಲಿನ ಚರ್ಮ ಎಳೆದದ್ದಕ್ಕೆ ಬೆರಳು ಜಗ್ಗಿದ್ದನ್ನು ನೋಡಿ. ಬಲ್ಬೊಕ್ಯಾವರ್ನೋಸಸ್: ಕ್ಯಾತಿಟರ್ ಮೆಲ್ಲಗೆ ಎಳೆದು ನೋಡಿದೆ, 1.30ಕ್ಕೂ 10.30ಕ್ಕೂ ಇಲ್ಲ. ಅಂದರೆ ಸ್ಪೈನಲ್ ಶಾಕ್ ಇನ್ನೂ ಇಳಿದಿಲ್ಲ ಎಂದು ಹಿಡಿದಿದ್ದೇನೆ, ಆದರೆ ಡಿ11ರ ಮಟ್ಟದಲ್ಲಿ ಬೆನ್ನುಹುರಿಯ ತುದಿಗೇ ಪೆಟ್ಟು ಬಿದ್ದಿದ್ದರೂ ಇದು ಹೀಗೇ ಇರಬಹುದು.

ಸೆನ್ಸೇಷನ್ (2 ಸರಿ, 1 ಕಡಿಮೆ ಅಥವಾ ಬೇರೆ ಥರ, 0 ಇಲ್ಲ)

ಇಂಟರ್ನ್ ನೋಟ್: "ಹೊಕ್ಕುಳಿನಿಂದ ಕೆಳಗೆ ಇಲ್ಲ", ಅಂದರೆ ಡಿ10. ನಾನು ಪಿನ್ನಿನಿಂದ ಕಾಲಿನಿಂದ ಮೇಲಕ್ಕೆ ಬಂದೆ, ತೊಡೆಯ ಸಂದಿಯ ಹತ್ತಿರ "ಈಗ ಚುಚ್ಚಿತು" ಎಂದರು. ಮೇಲಿನಿಂದ ಕೆಳಕ್ಕೆ ಹೋದರೂ ಅಲ್ಲೇ. ಎರಡೂ ಕಡೆ ಡಿ12ರ ತನಕ ಪಿನ್ 2, ಸ್ಪರ್ಶ 2. ಲೆವೆಲ್ ಡಿ12. ಸ್ಕಿನ್ ಪೆನ್ನಿನಲ್ಲಿ ಗೆರೆ ಎಳೆದು ಹೊತ್ತು ಬರೆದಿದ್ದೇನೆ, ಸ್ಪಂಜ್ ಮಾಡುವಾಗ ಒರೆಸಬೇಡಿ ಎಂದು ಸಿಸ್ಟರಿಗೆ ಹೇಳಿದೆ. ಮೊದಲು ಡಿ10, ಈಗ ಡಿ12 ಎಂದು ನೋಡಿ ಸುಧಾರಿಸಿದೆ ಅಂದುಕೊಳ್ಳಬೇಡಿ, ಪರೀಕ್ಷೆ ಮಾಡಿದ ಕೈ ಬೇರೆ ಅಷ್ಟೇ.

ಎಲ್1ರಿಂದ ಎಲ್3: ಸ್ಪರ್ಶ ಎರಡೂ ಕಡೆ 1, ಪಿನ್ 0. ಎಲ್4ರಿಂದ ಎಸ್1: ಸ್ಪರ್ಶ ಬಲ 1, ಎಡ 0, ಪಿನ್ 0. ಎಸ್2, ಎಸ್3 ಹೊರಳಿಸದೆ ನೋಡಲು ಆಗಲಿಲ್ಲ, ಎನ್‌ಟಿ. ಗುದದ ಸುತ್ತ, ಎಸ್4–5, ನಾಲ್ಕು ಜನ ಸೇರಿ ಲಾಗ್ ರೋಲ್ ಮಾಡಿದಾಗ ನೋಡಿದ್ದು: ಸ್ಪರ್ಶ ಎರಡೂ ಕಡೆ 1, ಪಿನ್ ಬಲ 1, ಎಡ 0. ಒಳಗೆ ಒತ್ತಿದರೆ ತಿಳಿಯುತ್ತದೆ. ತಾವಾಗಿ ಬಿಗಿ ಮಾಡಲು ಆಗುವುದಿಲ್ಲ.

ಹೆಬ್ಬೆರಳಿನ ಸ್ಥಾನ: ಬಲ ಹತ್ತರಲ್ಲಿ ಒಂಬತ್ತು ಸರಿ. ಎಡ ಹತ್ತರಲ್ಲಿ ಐದು, ಕಾಸು ಚಿಮ್ಮಿದರೂ ಅಷ್ಟೇ ಬರುತ್ತದೆ, ಹಾಗಾಗಿ ಇಲ್ಲ ಎಂದೇ ಲೆಕ್ಕ. 128ರ ಫೋರ್ಕ್: ಬಲ ಕಾಲಿನ ಗಂಟಿನಲ್ಲಿ ಕಡಿಮೆ, ಎಡ ಇಲ್ಲ.

ಗ್ರೇಡ್

ಕ್ಯಾಶುವಾಲ್ಟಿಯಲ್ಲಿ "ಕಂಪ್ಲೀಟ್ ಪ್ಯಾರಾಪ್ಲೀಜಿಯಾ, ಏಷ್ಯಾ ಎ". ಎಸ್4–5ರಲ್ಲಿ ಸ್ಪರ್ಶ ಇದೆ, ಡಿ12ರಿಂದ ಮೂರಕ್ಕಿಂತ ಜಾಸ್ತಿ ಲೆವೆಲ್ ಕೆಳಗೆ, ಎಲ್5ರಲ್ಲಿ, ಪವರ್ 1 ಇದೆ. ಹಾಗಾಗಿ ಸಿ. ಸ್ಪೈನ್ ಸರ್‌ಗೆ 2.00ಕ್ಕೇ ಫೋನ್ ಮಾಡಿದೆ, ಎಂಆರ್‌ಐ ಆಗಿದೆ, ಬೆಳಿಗ್ಗೆಯ ಲಿಸ್ಟಿನಲ್ಲಿ ಮೊದಲ ಕೇಸ್ ಇವರೇ. ಮನೆಯವರಿಗೆ "ಬಲಗಾಲಿನಲ್ಲಿ ಸ್ವಲ್ಪ ಸೂಚನೆ ಇದೆ, ನಡೆಯುತ್ತಾರೆ ಎಂದು ಹೇಳಲು ಈಗ ಆಗುವುದಿಲ್ಲ" ಎಂದಷ್ಟೇ ಹೇಳಿದ್ದೇನೆ. ಕಾಲು ಹೋಯಿತು ಎಂದು ಬೆಳಿಗ್ಗೆ ಯಾರೋ ಹೇಳಿಬಿಟ್ಟಿದ್ದರು, ಹೆಂಡತಿ ಇನ್ನೂ ಊಟ ಮಾಡಿಲ್ಲ.

ರಾತ್ರಿಗೆ

ಕೋಮಾ ಸ್ಕೇಲ್, ಪ್ಯೂಪಿಲ್ ಗಂಟೆಗೊಮ್ಮೆ, ಮೂರೂ ಅಂಕಿ ಬಿಡಿಸಿ. ಎರಡು ಅಂಕ ಇಳಿದರೆ ಅಥವಾ ಪ್ಯೂಪಿಲ್ ಬೇರೆಯಾದರೆ ತಕ್ಷಣ ಕರೆಯಿರಿ, ಮತ್ತೆ ಸಿಟಿ. ಕಾಲಿನ ಪವರ್ ಮತ್ತು ಲೆವೆಲ್ ನಾಲ್ಕು ಗಂಟೆಗೊಮ್ಮೆ, ಬಲ ಹೆಬ್ಬೆರಳು ಬೆಳಕು ಹಾಕಿಕೊಂಡು ನೋಡಿ. 10.30ಕ್ಕೆ ಬಿಪಿ 118/72, ಎಂಎಪಿ 87, ನಾಡಿ 66. ಎಂಎಪಿ 85ಕ್ಕಿಂತ ಕೆಳಗೆ ಬಿಡಬೇಡಿ. ಇನ್ನೊಂದು ಡೋಸ್ ಟ್ರಮಡಾಲ್ ಬೇಕೆಂದರೆ ಕೊಡುವ ಮೊದಲು ಸ್ಕೋರ್ ಹಾಕಿ. ಮುಂದಿನ ಕಾಲಿನ ಪರೀಕ್ಷೆ 2.30ಕ್ಕೆ.