ಕರಿ ಕಂಬಳಿಯ ಲೆಕ್ಕ: ಸಾಕ್ಷ್ಯಚಿತ್ರದ ನಿರೂಪಣಾ ಪಠ್ಯ

ನಿರೂಪಕರ ಗಮನಕ್ಕೆ

ಚಿತ್ರದ ಒಟ್ಟು ಅವಧಿ 17 ನಿಮಿಷ. ನಿರೂಪಣೆ 9 ನಿಮಿಷ ಮೀರಬಾರದು. ಉಳಿದ ಹೊತ್ತು ರಾಟೆಗೆ, ಮಗ್ಗಕ್ಕೆ ಮತ್ತು ಊರಿನವರ ಮಾತಿಗೆ ಮೀಸಲು. ನಿಮಿಷಕ್ಕೆ ಸುಮಾರು 90 ಪದಗಳ ಓಟ ಸಾಕು. ಒಂದು ಗೆರೆ ( / ) ಇದ್ದಲ್ಲಿ ಅರ್ಧ ಉಸಿರು, ಎರಡು ಗೆರೆ ( // ) ಇದ್ದಲ್ಲಿ ಎರಡು ಸೆಕೆಂಡು ಮೌನ. ಹಾಸು, ಹೊಕ್ಕು, ಹಂಜಿ ಎಂಬ ಪದಗಳಲ್ಲಿ ಹಕಾರ ಸ್ಪಷ್ಟವಾಗಿ ಕೇಳಿಸಬೇಕು. ಊರಿನವರು ಅದನ್ನು ಬಿಟ್ಟು ಆಡುತ್ತಾರೆ, ಅವರ ಮಾತನ್ನು ಅನುಕರಿಸುವುದು ಬೇಡ. ಮುಖ್ಯವಾಗಿ, ಧ್ವನಿಯಲ್ಲಿ ಎಲ್ಲಿಯೂ ಕನಿಕರ ಸುಳಿಯಬಾರದು. ಕೆಲಸ ಬಲ್ಲವರ ಕೆಲಸದ ಬಗ್ಗೆ ಹೇಳುತ್ತಿದ್ದೇವೆ ಎಂಬ ಗೌರವ ಇರಲಿ.

00:00 – ಬೆಳಗಿನ ಬೀದಿ

[ಮೊದಲ 20 ಸೆಕೆಂಡು ನಿರೂಪಣೆ ಇಲ್ಲ. ಕುಂಚ ನೂಲಿನ ಮೇಲೆ ಎಳೆಯುವ ಸದ್ದು ಮಾತ್ರ. ಬಳಿಕ ತಗ್ಗಿದ ದನಿ, ನಿಧಾನ.]

ಮಾರ್ಚ್ ತಿಂಗಳ ಬೆಳಗು. / ಕಡೂರು ತಾಲ್ಲೂಕಿನ ಈ ಊರಿನ ಬೀದಿಯಲ್ಲಿ ಇನ್ನೂ ಬಿಸಿಲು ಬಿದ್ದಿಲ್ಲ. ಬೀದಿಯ ಉದ್ದಕ್ಕೂ ಗೂಟ ನೆಟ್ಟು, ಕಪ್ಪು ಉಣ್ಣೆಯ ನೂಲನ್ನು ಬಿಗಿದು ಹಾಸಿದ್ದಾರೆ. ಇಬ್ಬರು ಎದುರುಬದುರು ನಿಂತು ಅದಕ್ಕೆ ಗಂಜಿ ಹಚ್ಚುತ್ತಿದ್ದಾರೆ. //

ಇದು ಅಕ್ಕಿಯ ಗಂಜಿಯಲ್ಲ. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ಕಳೆದು, ನೆನೆಸಿ, ಅರೆದು, ಅಂಟು ಬರುವವರೆಗೆ ಕುದಿಸಿ ಮಾಡಿದ ಗಂಜಿ. ಕೈಯಲ್ಲಿ ನೂತ ಉಣ್ಣೆಯ ಒಂಟಿ ಎಳೆ ಬರಿದಾಗಿಯೇ ಮಗ್ಗಕ್ಕೆ ಏರಿದರೆ ಪಕ್ಕದ ಎಳೆಗೆ ಸಿಕ್ಕಿಕೊಂಡು ಹರಿಯುತ್ತದೆ. ಗಂಜಿ ಕುಡಿದ ಎಳೆ ಮಾತ್ರ ಲಾಳಿಯ ಓಡಾಟವನ್ನು ತಡೆದುಕೊಳ್ಳುತ್ತದೆ. ಗಂಜಿ ಒಣಗಲು ಬಿಸಿಲು ಬೇಕು. / ಈ ಮಾತನ್ನು ನೆನಪಿನಲ್ಲಿಡಬೇಕು, ಏಕೆಂದರೆ ಈ ಊರಿನ ನೇಕಾರರ ಕಷ್ಟವೂ ಅವರು ಕಟ್ಟಿಕೊಂಡ ಸಂಘವೂ ಹುಟ್ಟಿದ್ದು ಇದರಿಂದಲೇ.

[ಕೊನೆಯ ವಾಕ್ಯಕ್ಕೆ ಒತ್ತು ಬೇಡ. ಎದುರಿಗೆ ಕೂತವರಿಗೆ ಹೇಳುವಂತೆ ಬರಲಿ.]

01:50 – ಬಯಲು ಮತ್ತು ಮಲೆ

[ಕಡೂರಿನ ಬಯಲಿನಿಂದ ಬೆಟ್ಟಸಾಲಿನ ಕಡೆಗೆ ಕ್ಯಾಮೆರಾ. ದನಿ ಸ್ವಲ್ಪ ತೆರೆದುಕೊಳ್ಳಲಿ.]

ಚಿಕ್ಕಮಗಳೂರು ಎಂದೊಡನೆ ಮಳೆ, ಕಾಡು, ಕಾಫಿ ತೋಟ ನೆನಪಾಗುತ್ತವೆ. ಆದರೆ ಬಾಬಾಬುಡನ್‌ಗಿರಿಯ ಪಶ್ಚಿಮದಲ್ಲಿ ಸುರಿಯುವ ಮಳೆ ಬೆಟ್ಟ ದಾಟಿ ಪೂರ್ವಕ್ಕೆ ಬರುವ ಹೊತ್ತಿಗೆ ಬಡವಾಗುತ್ತದೆ. ಆ ಬೆಟ್ಟಗಳಿಂದ ಇಳಿದು ಬರುವ ವೇದಾ ಮತ್ತು ಅವತಿ ಹೊಳೆಗಳು ಕೂಡಿ ವೇದಾವತಿಯಾಗುವ ಈ ಸೀಮೆಯಲ್ಲಿ ರಾಗಿ, ತೆಂಗು ಮತ್ತು ಕುರಿ ಬದುಕಿಗೆ ಆಧಾರ. ಒಂದೇ ಜಿಲ್ಲೆಯ ಈ ಎರಡು ಮುಖಗಳನ್ನು ತಲೆಮಾರುಗಳಿಂದ ಕಟ್ಟಿಹಾಕಿದ ವಸ್ತು ಕಂಬಳಿ. / ಬಯಲಿನಲ್ಲಿ ಕುರಿ ಸಾಕಿ, ನೂತು, ನೇಯ್ದ ಕರಿ ಕಂಬಳಿಯನ್ನು ಕೊಪ್ಪ, ಶೃಂಗೇರಿ, ಮೂಡಿಗೆರೆಯ ಗದ್ದೆ ತೋಟಗಳಲ್ಲಿ ಜನ ಕೊಪ್ಪೆ ಮಾಡಿ ತಲೆಯ ಮೇಲಿಂದ ಹೊದ್ದು, ಜಡಿಮಳೆಯಲ್ಲಿ ದಿನವಿಡೀ ಕೆಲಸ ಮಾಡಿದ್ದಾರೆ. ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಥಂಡಿ ತಾಕಿಸುವುದಿಲ್ಲ. ಬೆನ್ನು ಬಗ್ಗಿಸಿ ನಾಟಿ ಮಾಡುವವರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

03:40 – ನೂಲು

[ರಾಟೆಯ ಲಯ ಮೊದಲು 15 ಸೆಕೆಂಡು ಕೇಳಲಿ. ನಿರೂಪಣೆ ಅದರ ಮೇಲೆ ಹರಿಯಲಿ, ಅದನ್ನು ಮುಚ್ಚದಿರಲಿ.]

ವರ್ಷಕ್ಕೆ ಎರಡು ಬಾರಿ ಕುರಿಯ ಉಣ್ಣೆ ಕತ್ತರಿಸುತ್ತಾರೆ. ಕಪ್ಪು, ಕಂದು, ಬಿಳಿ ಎಂದು ಬಣ್ಣಕ್ಕೆ ತಕ್ಕಂತೆ ಬೇರ್ಪಡಿಸಿ, ಕಸ ಮುಳ್ಳು ಆರಿಸಿ, ಹಿಂಜಿ, ಹಂಜಿ ಮಾಡುತ್ತಾರೆ. ಈ ಕಂಬಳಿಗೆ ಬಣ್ಣ ಹಾಕುವುದಿಲ್ಲ; ಅಂಚಿನಲ್ಲಿ ಕಾಣುವ ಬಿಳಿ ಗೆರೆಯೂ ಬಿಳಿ ಕುರಿಯದೇ ಉಣ್ಣೆ. //

ಈಗ ಈ ಕೈಗಳನ್ನು ನೋಡಿ. ಬಲಗೈ ರಾಟೆ ತಿರುಗಿಸುತ್ತಿದೆ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಂಜಿ ಸವೆಯುತ್ತಾ ಎಳೆಯಾಗುತ್ತಿದೆ. ಎಳೆ ದಪ್ಪವಾದರೆ ಬೆರಳು ಸಡಿಲವಾಗುವುದಿಲ್ಲ, ಸಣ್ಣಗಾದರೆ ಬಿಗಿಯುವುದಿಲ್ಲ. ಕೈಯೇ ಹಿಂದೆ ಸರಿದು, ಮುಂದೆ ಬಂದು ಸರಿಪಡಿಸುತ್ತದೆ. ಆ ತೋರುಬೆರಳ ಒಳಮಗ್ಗುಲಲ್ಲಿ ಎಳೆ ಓಡಿ ಓಡಿ ಮೂಡಿದ ಒಂದು ಗೀರು ಇದೆ. ಅದು ನಲವತ್ತು ವರ್ಷದ ಗೀರು.

[ಇಲ್ಲಿ ನಿರೂಪಣೆ ನಿಲ್ಲುತ್ತದೆ. ಕೆಳಗಿನ ಸಂಭಾಷಣೆ ಚಿತ್ರೀಕರಿಸಿದ ಧ್ವನಿಯಲ್ಲೇ ಬರುತ್ತದೆ.]

ಚಿತ್ರತಂಡದ ಹುಡುಗಿ: ಒಂದು ಕಂಬ್ಳಿಗೆ ಎಷ್ಟು ದಿನ ನೂಲ್ಬೇಕು ಅಜ್ಜಿ?

ನೂಲುವ ಅಜ್ಜಿ: ಮನೆ ಕೆಲ್ಸ ಮುಗಿಸ್ಕಂಡು ಕುಂತ್ರೆ ಎಂಟು ದಿನ ಕಣವ್ವ. ನೇಯದಕ್ಕೆ ಎಲ್ಡು ದಿನ. ಆದ್ರೆ ಕಂಬ್ಳಿ ಯಾರ್ದು ಅಂದ್ರೆ ನೇಯ್ದೋರ್ದು ಅಂತಿದ್ರು.

[ಅಜ್ಜಿಯ ಮಾತಿನ ನಂತರ 4 ಸೆಕೆಂಡು ರಾಟೆ ಮಾತ್ರ. ಬೇಗ ಬರಬೇಡಿ.]

ಹತ್ತು ದಿನದ ದುಡಿಮೆಯಲ್ಲಿ ಎಂಟು ದಿನ ರಾಟೆಯ ಮುಂದೆ ಕಳೆಯುತ್ತದೆ. ಆ ಎಂಟು ದಿನಗಳಿಗೆ ಬಹಳ ಕಾಲ ಯಾವ ಲೆಕ್ಕದ ಪುಸ್ತಕದಲ್ಲೂ ಒಂದು ಸಾಲು ಇರಲಿಲ್ಲ.

06:10 – ಸಾಲದ ಕಾಲ

[ಓಟ ಸ್ವಲ್ಪ ಹೆಚ್ಚಲಿ. ದೂರುವ ದನಿ ಬೇಡ, ಲೆಕ್ಕ ಬಿಡಿಸುವ ದನಿ ಇರಲಿ.]

ಕಂಬಳಿ ಬೇಕಾಗುವುದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಹಾಸಿನ ನೂಲಿಗೆ ಹಚ್ಚಿದ ಗಂಜಿ ಒಣಗುವುದಿಲ್ಲ. ಹಾಗಾಗಿ ಮಳೆಗಾಲದ ಕಂಬಳಿಯನ್ನು ಬೇಸಿಗೆಯಲ್ಲಿಯೇ ನೇಯ್ದಿಡಬೇಕು. ಉಣ್ಣೆಗೆ ದುಡ್ಡು ಹಾಕುವುದು ಜನವರಿಯಲ್ಲಿ, ಕಂಬಳಿಗೆ ದುಡ್ಡು ಬರುವುದು ಜೂನ್‌ನಲ್ಲಿ. / ನಡುವಿನ ಐದು ತಿಂಗಳು ಮನೆ ನಡೆಸಬೇಕು. ಆ ಐದು ತಿಂಗಳಿಗಾಗಿ ಈ ಊರಿನವರು ಸಾಹುಕಾರರಿಂದ ಮುಂಗಡ ಪಡೆಯುತ್ತಿದ್ದರು. ಮುಂಗಡ ಕೊಟ್ಟವರು ಏಪ್ರಿಲ್‌ನಲ್ಲಿಯೇ ಬಂದು, ತಾವೇ ಬೆಲೆ ಕಟ್ಟಿ, ಕಂಬಳಿ ಎತ್ತಿಕೊಂಡು ಹೋಗುತ್ತಿದ್ದರು. ಎರಡು ತಿಂಗಳು ಕಾಯುವ ಶಕ್ತಿ ಇದ್ದವರಿಗೆ ಲಾಭ ಸಿಕ್ಕಿತು. ನೇಯ್ದವರಿಗೆ ಆ ಶಕ್ತಿ ಇರಲಿಲ್ಲ.

ನೇಯ್ಗೆಯ ಕೌಶಲ ಕಡಿಮೆಯಾಗಿ ನೇಕಾರ ಬಡವನಾದ ಎಂದು ಹೇಳುವವರಿದ್ದಾರೆ. ಈ ಊರಿನ ಮಟ್ಟಿಗೆ ಆ ಮಾತು ನಿಜವಲ್ಲ. ಇಲ್ಲಿ ಕೊರತೆಯಾಗಿದ್ದು ಕಾಯುವ ಬಂಡವಾಳ.

07:40 – ಸಂಘ

[ಒಂದೇ ಕೋಣೆಯ ಕಟ್ಟಡ. ತಕ್ಕಡಿ, ಬೀರು, ಕಿರ್ದಿ ಪುಸ್ತಕ. ದನಿ ಮತ್ತೆ ಸಮಾಧಾನಕ್ಕೆ ಬರಲಿ.]

ಸಹಕಾರ ಎಂಬುದು ಕನ್ನಡ ನಾಡಿಗೆ ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲಿಯೇ ರೈತರ ಸಹಕಾರ ಸಂಘ ಆರಂಭವಾಗಿತ್ತು. ಈ ಊರಿನ ನೇಕಾರರ ಸಂಘ ಅದರ ಮುಂದೆ ತೀರ ಎಳೆಯದು. 22 ಮಗ್ಗ, 61 ಸದಸ್ಯರು, ಒಂದು ಕೋಣೆ. ಅದು ಮಾಡುವ ಕೆಲಸವನ್ನು ಸರಳವಾಗಿ ಹೇಳಬಹುದು: ಎಲ್ಲರ ಪರವಾಗಿ ಅದು ಕಾಯುತ್ತದೆ. ಉಣ್ಣೆಯನ್ನು ಒಟ್ಟಿಗೆ ಕೊಂಡು ಸದಸ್ಯರಿಗೆ ತೂಗಿ ಕೊಡುತ್ತದೆ, ನೂಲು ಬಂದಾಗ ತೂಗಿ ಕೂಲಿ ಕೊಡುತ್ತದೆ, ಕಂಬಳಿ ಬಂದಾಗ ಮತ್ತೆ ಕೂಲಿ ಕೊಡುತ್ತದೆ, ಮತ್ತು ಆ ಕಂಬಳಿಯನ್ನು ಬೇವಿನ ಎಲೆ ಹಾಕಿ ಮಡಿಸಿ ಜೂನ್‌ವರೆಗೆ ಬೀರುವಿನಲ್ಲಿ ಇಡುತ್ತದೆ. ಮಾರಾಟವಾದ ಮೇಲೆ ಉಳಿದದ್ದು ವಾರ್ಷಿಕ ಮಹಾಸಭೆಯ ಮುಂದೆ ಬರುತ್ತದೆ.

ಹೀಗೆ ಬರೆದರೆ ಸುಲಭವೆನಿಸುತ್ತದೆ. ಆದರೆ ಮೊದಲ ಎರಡು ವರ್ಷ ಕಿರ್ದಿಯಲ್ಲಿ ಇದ್ದದ್ದು ನೇಯುವ ಗಂಡಸರ ಹೆಸರು ಮಾತ್ರ. ನೂಲಿನ ಕೂಲಿಯೂ ಅವರ ಹೆಸರಿಗೇ ಜಮಾ ಆಗುತ್ತಿತ್ತು. ಮೂರನೆಯ ಮಹಾಸಭೆಗೆ ಹನ್ನೊಂದು ಮಂದಿ ಹೆಂಗಸರು ತಾವು ನೂತ ನೂಲಿನ ಲಡಿಗಳನ್ನು ತಂದು ಮೇಜಿನ ಮೇಲೆ ಇಟ್ಟು, ಇವು ಯಾರವು ಎಂದು ಕೇಳಿದರು. //

[ಈ ಮೌನವನ್ನು ಪೂರ್ತಿ ಕೊಡಿ. ಪುಸ್ತಕದ ಪುಟ ತೆರೆಯುವ ಸದ್ದು ಬಂದ ಮೇಲೆಯೇ ಮುಂದಿನ ವಾಕ್ಯ.]

ಈ ಪುಟ ಆ ಸಭೆಯ ಮಾರನೆಯ ದಿನದ್ದು. ಕಾರ್ಯದರ್ಶಿ ಸ್ಕೇಲಿಟ್ಟು, ಕೆಂಪು ಶಾಯಿಯಲ್ಲಿ ಒಂದು ಹೊಸ ಕಲಂ ಎಳೆದಿದ್ದಾರೆ. ತಲೆಯ ಮೇಲೆ ‘ನೂತವರು’ ಎಂದಿದೆ. ಕೆಳಗೆ ಹನ್ನೊಂದು ಹೆಸರುಗಳು. ಏಳರ ಮುಂದೆ ಸಹಿ, ನಾಲ್ಕರ ಮುಂದೆ ಹೆಬ್ಬೆಟ್ಟು. ಅಂದಿನಿಂದ ಷೇರು ಹಣ ಕಟ್ಟಿದ ಹೆಂಗಸರಿಗೆ ಸಭೆಯಲ್ಲಿ ಮತ ಹಾಕುವ ಹಕ್ಕೂ ಬಂತು.

10:30 – ಮಗ್ಗ

[ಇಲ್ಲಿ ಚಿತ್ರವೇ ಮಾತಾಡಲಿ. ನಿರೂಪಣೆ ಕಡಿಮೆ, ವಾಕ್ಯಗಳ ನಡುವೆ ಮಗ್ಗದ ಎರಡು ಏಟು ಕೇಳಬೇಕು.]

ಗುಣಿ ಮಗ್ಗ. / ನೇಕಾರ ನೆಲದಲ್ಲಿ ಕೂರುತ್ತಾನೆ, ಕಾಲು ಗುಣಿಯೊಳಗೆ ಇಳಿದು ಮೆಟ್ಟು ಒತ್ತುತ್ತದೆ. ಹಾಸಿನ ಎಳೆಗಳು ಬಾಯಿ ತೆರೆದಾಗ ಲಾಳಿ ದಾಟುತ್ತದೆ, ಹೊಕ್ಕಿನ ಎಳೆ ಕೂರುತ್ತದೆ. ಉಣ್ಣೆಯ ಎಳೆ ಹತ್ತಿಯಂತೆ ಜಾರುವುದಿಲ್ಲ; ಪ್ರತಿಯೊಂದು ಬಾರಿಯೂ ಹಾಸನ್ನು ಬಿಡಿಸಿ ದಾರಿ ಮಾಡಬೇಕು.

12:00 – ಪೇಟೆ

[ಸಾಮಾನ್ಯ ಓಟ. ಕೊನೆಯ ಎರಡು ವಾಕ್ಯಗಳು ದೃಢವಾಗಿರಲಿ.]

1985ರಲ್ಲಿ ಸಂಸತ್ತು ಅಂಗೀಕರಿಸಿದ ಕೈಮಗ್ಗ ಮೀಸಲಾತಿ ಕಾಯ್ದೆಯ ಅಡಿಯಲ್ಲಿ ಇಂದು 11 ಬಗೆಯ ವಸ್ತುಗಳು ಕೈಮಗ್ಗಕ್ಕೆ ಮೀಸಲಾಗಿವೆ. ಆ ಪಟ್ಟಿಯಲ್ಲಿ ಕಂಬಳಿಯೂ ಇದೆ. ಕಾಯ್ದೆ ಯಂತ್ರಮಗ್ಗವನ್ನು ತಡೆಯಬಹುದು, ಆದರೆ ಕಂಬಳಿಯ ಜಾಗಕ್ಕೆ ಬಂದ ಪ್ಲಾಸ್ಟಿಕ್ ಹಾಳೆಯನ್ನು ಅದು ತಡೆಯಲಾರದು. ಪಾಣಿಪತ್‌ನಲ್ಲಿ ಹಳೆಯ ಬಟ್ಟೆಯ ನಾರಿನಿಂದ ತಯಾರಾದ ಅಗ್ಗದ ರಗ್ಗುಗಳು ಸಂತೆಗೆ ಬಂದಿವೆ. ಮಾಂಸಕ್ಕೆ ಬೆಲೆ ಏರಿದಂತೆ ಕುರಿಗಾರರು ಉಣ್ಣೆ ಕಡಿಮೆ ಇರುವ, ಬೇಗ ತೂಕ ಬರುವ ತಳಿಗಳತ್ತ ಹೊರಳಿದ್ದಾರೆ, ಅವರನ್ನು ತಪ್ಪೆನ್ನಲಾಗದು. ಒಳ್ಳೆಯ ಕರಿ ಉಣ್ಣೆಗಾಗಿ ಸಂಘದವರು ಈಗ ಅರಸೀಕೆರೆ, ಹೊಸದುರ್ಗದ ಕಡೆಗೂ ಅಲೆಯಬೇಕಾಗಿದೆ.

ಆದರೂ ಕೊಳ್ಳುವವರು ಇದ್ದಾರೆ. ಬೀರೇದೇವರ ಗದ್ದಿಗೆಗೆ ಕರಿ ಕಂಬಳಿಯೇ ಆಗಬೇಕು. ಜಡಿಮಳೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಬೆವೆತು ಬೇಸತ್ತ ತೋಟದವರು ಮತ್ತೆ ಕಂಬಳಿ ಕೇಳುತ್ತಿದ್ದಾರೆ. ಅವರು ದಾನ ಮಾಡುತ್ತಿಲ್ಲ. ಒಳ್ಳೆಯ ವಸ್ತುವನ್ನು ಅದರ ಬೆಲೆಗೆ ಕೊಳ್ಳುತ್ತಿದ್ದಾರೆ.

14:40 – ಮೃಗಶಿರಾ

[ಮೋಡ ಕವಿದ ಬೆಳಕು. ಆರಂಭದ ದನಿಗೇ ಮರಳಿ: ತಗ್ಗಿದ, ನಿಧಾನ. ಸಂಗೀತ ಇಲ್ಲ.]

ಜೂನ್ ಎರಡನೆಯ ವಾರ. ಮೃಗಶಿರಾ ಮಳೆ ಹಿಡಿದಿದೆ. ಬೀದಿಯ ಗೂಟಗಳನ್ನು ಕಿತ್ತು ಜಗಲಿಗೆ ಒರಗಿಸಿದ್ದಾರೆ. ಕೊಪ್ಪದ ಕಡೆಯ ತೋಟವೊಂದಕ್ಕೆ 30 ಕಂಬಳಿ ಹೋಗಬೇಕು. ಬೀರುವಿನಿಂದ ಒಂದೊಂದಾಗಿ ತೆಗೆದು, ಬೇವಿನ ಎಲೆ ಕೊಡವಿ, ತೂಗಿ ಕಟ್ಟುತ್ತಿದ್ದಾರೆ. ಪ್ರತಿ ಕಂಬಳಿಯ ಅಂಚಿಗೆ ಹೊಲಿದ ಬಟ್ಟೆ ಚೂರಿನಲ್ಲಿ ಎರಡು ಹೆಸರುಗಳಿವೆ: ನೂತವರದು, ನೇಯ್ದವರದು. //

27 ಕಟ್ಟಾಗಿವೆ. ಮೂರು ಇನ್ನೂ ಮಗ್ಗದ ಮೇಲಿವೆ. ಆರಿದ್ರಾ ಹುಟ್ಟುವುದರೊಳಗೆ ಕಳಿಸುತ್ತೇವೆಂದು ಸಂಘದವರು ತೋಟಕ್ಕೆ ಫೋನ್ ಮಾಡಿ ಹೇಳಿದ್ದಾರೆ.

[ನಿರೂಪಣೆ ಮುಗಿಯಿತು. ಮಳೆಯ ಸದ್ದಿನ ಅಡಿಯಲ್ಲಿ ಮಗ್ಗದ ಏಟು 40 ಸೆಕೆಂಡು. ಹೆಸರುಗಳು ಮೂಡುವಾಗ ನೂತವರ ಪಟ್ಟಿ ಮೊದಲು ಬರಲಿ.]