ಅತ್ತಿಗೆ, ಒಂದು ಗಿಫ್ಟ್ ಐಡಿಯಾ ಬೇಕಿತ್ತು

ಅತ್ತಿಗೆ, ಊಟ ಆಯ್ತಾ? ಒಂದು ಅರ್ಜೆಂಟ್ ವಿಷಯ. ನಮ್ಮ ಯಜಮಾನರ ಕಡೆಯವರೊಬ್ಬರಿಗೆ ಏನಾದ್ರೂ ಒಳ್ಳೇ ಗಿಫ್ಟ್ ಕೊಡಬೇಕು. ಏನು ಕೊಡೋದು ಅಂತ ತಲೆಗೇ ಹೋಗ್ತಿಲ್ಲ, ನೀವೇ ಹೇಳಿ. ನೀವು ಆರಿಸಿದ್ದು ಯಾವತ್ತೂ ಚೆನ್ನಾಗೇ ಇರತ್ತೆ.

ಇವರನ್ನ ಕೇಳಿದ್ರೆ "ಏನೋ ಒಂದು ಕೊಡು" ಅಂತಾರೆ. ಆ ಏನೋ ಒಂದು ಯಾವ ಅಂಗಡೀಲಿ ಸಿಗತ್ತೆ ಅಂತ ಮಾತ್ರ ಹೇಳಲ್ಲ!

ಎಂ.ಜಿ. ರೋಡಿನ ಕಾವೇರಿ ಎಂಪೋರಿಯಂಗೆ ಹೋಗಿ ನೋಡೋಣ ಅಂದ್ಕೊಂಡಿದೀನಿ. ಅಲ್ಲಿ ಬಿದರಿ ಹೂದಾನಿ ಇರತ್ತಲ್ಲ, ಕಪ್ಪು ಮೈ ಮೇಲೆ ಬೆಳ್ಳಿ ಕುಸುರಿ, ಅದು ನನಗೆ ತುಂಬಾ ಇಷ್ಟ. ಆದ್ರೆ ನನಗೆ ಇಷ್ಟ ಅಂತ ಅವರಿಗೆ ಕೊಡೋಕಾಗತ್ತಾ? ಚನ್ನಪಟ್ಟಣದ ಅರಗಿನ ಬಣ್ಣದ ಮರದ ಸಾಮಾನು, ಗಂಧದ ಕೆತ್ತನೆ, ಮೈಸೂರು ಸ್ಯಾಂಡಲ್ ಸೋಪಿನ ಡಬ್ಬ... ಎಲ್ಲಾ ಯೋಚನೆ ಮಾಡಿದೆ. ಸೋಪು ಕೊಟ್ರೆ ಸ್ನಾನ ಮಾಡಿ ಅಂದಂಗಾಗತ್ತೇನೋ! ಗೋಡೆ ಗಡಿಯಾರ, ಊಟದ ಸೆಟ್ಟು ಮಾತ್ರ ಬೇಡ. ನಮ್ಮನೆ ಅಟ್ಟದ ಮೇಲೇ ಬಿಚ್ಚದೇ ಇರೋವು ಸಾಲಾಗಿ ಕೂತಿವೆ.

ಕವರಲ್ಲಿ ದುಡ್ಡಿಟ್ಟು ಒಂದು ರೂಪಾಯಿ ಸೇರಿಸಿ ಕೊಟ್ಬಿಡು ಅಂತ ಅಮ್ಮ ಹೇಳ್ತಾರೆ. ಅದು ಸುಲಭಾನೇ, ಆದ್ರೆ ಯಾಕೋ ಮನಸ್ಸು ಒಪ್ಪಲ್ಲ.

ಅವರಿಗೆ ನೋಡಿದ ತಕ್ಷಣ ಖುಷಿ ಆಗ್ಬೇಕು, ಉಪಯೋಗಕ್ಕೂ ಬರ್ಬೇಕು. ಅಂಥದ್ದು ಎರಡು ಮೂರು ಹೇಳಿ, ಸಾಧ್ಯವಾದ್ರೆ ಫೋಟೋನೂ ಕಳಿಸಿ. ಶನಿವಾರ ಮಧ್ಯಾಹ್ನ ಅಂಗಡಿಗೆ ಹೊರಡ್ತೀನಿ, ಅಷ್ಟರೊಳಗೆ ಹೇಳ್ತೀರಾ? ಅಣ್ಣನಿಗೆ ಕೇಳಿದೆ ಅಂತ ಹೇಳಿ.