ನಿನ್ನ ಪ್ರಬಂಧದ ರಿವರ್ಸ್ ಔಟ್‌ಲೈನ್: 'ಶಾಲೆ ತಡವಾಗಿ ಶುರುವಾಗಲಿ'

ನಿನ್ನ ಪ್ರಬಂಧವನ್ನು ಎರಡು ಸಲ ಓದಿದೆ. ಮೊದಲ ಸಲ ಸುಮ್ನೆ ಓದಿದೆ, ಚೆನ್ನಾಗಿದೆ ಅನ್ನಿಸಿತು. ಎರಡನೇ ಸಲ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡೆ. ಪ್ರತಿ ಪ್ಯಾರಾ ಮುಗಿದಾಗಲೂ ಅದು ಹೇಳಿದ್ದೇನು ಅಂತ ಒಂದೇ ವಾಕ್ಯದಲ್ಲಿ ಬರೆದುಕೊಂಡೆ. ನಿನ್ನ ಮನಸ್ಸಿನಲ್ಲಿ ಏನಿತ್ತು ಅನ್ನೋದನ್ನಲ್ಲ, ಹಾಳೆಯ ಮೇಲೆ ಇರುವುದನ್ನು ಮಾತ್ರ. ಇದಕ್ಕೇ ರಿವರ್ಸ್ ಔಟ್‌ಲೈನ್ ಅನ್ನೋದು. ಆಗ ಬೇರೆಯೇ ಪ್ರಬಂಧ ಕಾಣಿಸಿತು.

ಕಾಗುಣಿತ ತಿದ್ದಿಲ್ಲ, ವಾಕ್ಯ ಮುಟ್ಟಿಲ್ಲ. ನಾಳೆ ಕಿತ್ತು ಹಾಕುವ ಪ್ಯಾರಾಕ್ಕೆ ಇವತ್ತು ಕಾಗುಣಿತ ತಿದ್ದಿ ಏನು ಪ್ರಯೋಜನ?

ಪ್ಯಾರಾ 1. ಬೆಳಗಿನ ಮೊದಲ ಪೀರಿಯಡ್‌ನಲ್ಲಿ ಅರ್ಧ ಕ್ಲಾಸು ತೂಕಡಿಸುತ್ತದೆ.
'ಬೋರ್ಡಿನ ಮೇಲಿನ ಅಕ್ಷರ ಎರಡೆರಡಾಗಿ ಕಂಡಿತು' ಅಂತ ಬರೆದಿದ್ದೀಯಲ್ಲ, ಅದು ಹಾಗೇ ಇರಲಿ. ಆದರೆ ಪ್ಯಾರಾ ಮುಗಿದರೂ ನಿನ್ನ ವಾದ ಏನು ಅಂತ ಗೊತ್ತಾಗಲಿಲ್ಲ.

ಪ್ಯಾರಾ 2. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು.

ಪ್ಯಾರಾ 3. ಹದಿಹರೆಯದಲ್ಲಿ ನಿದ್ದೆಯ ಹಾರ್ಮೋನು ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಹಾಗಾಗಿ ಬೇಗ ಮಲಗಿದರೂ ನಿದ್ದೆ ಬರುವುದಿಲ್ಲ.
ಇಡೀ ಪ್ರಬಂಧದ ಬೆನ್ನೆಲುಬು ಇದು. 'ಬೇಗ ಮಲಗಿದರೆ ಆಯ್ತಲ್ವಾ' ಅನ್ನುವವರಿಗೆ ಇಲ್ಲೇ ಉತ್ತರ ಇದೆ. ನೀನು ಮಾತ್ರ ನಾಲ್ಕು ಸಾಲಿನಲ್ಲಿ ಮುಗಿಸಿ ಮುಂದೆ ಓಡಿದ್ದೀಯ.

ಪ್ಯಾರಾ 4. ನಿದ್ದೆಗೆಟ್ಟರೆ ಪಾಠದ ಮೇಲೆ ಗಮನ ಕಡಿಮೆಯಾಗುತ್ತದೆ, ಮತ್ತು ಸಿಟ್ಟು, ಬೇಜಾರು ಜಾಸ್ತಿಯಾಗುತ್ತದೆ.
ಈ ವಾಕ್ಯ ಬರೆಯುವಾಗ ನನಗೆ 'ಮತ್ತು' ಬೇಕೇಬೇಕಾಯಿತು. ಅಂದರೆ ಇಲ್ಲಿ ಎರಡು ಪ್ಯಾರಾ ಒಂದೇ ಹೊದಿಕೆಯಲ್ಲಿ ಮಲಗಿವೆ. ಬಿಡಿಸು.

ಪ್ಯಾರಾ 5. ಮಕ್ಕಳು ರಾತ್ರಿ ಮೊಬೈಲ್ ನೋಡುವುದರಿಂದ ನಿದ್ದೆ ಕೆಡುತ್ತದೆ.

ಪ್ಯಾರಾ 6. ಶಾಲೆ ಬೆಳಿಗ್ಗೆ 8:30ಕ್ಕೆ ಮೊದಲು ಶುರುವಾಗಬಾರದು; ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಇದನ್ನೇ ಹೇಳಿದೆ.
ಅಂತೂ ವಾದ ಬಂತು! ಹತ್ತು ಪ್ಯಾರಾಗಳಲ್ಲಿ ಆರನೆಯದರಲ್ಲಿ.

ಪ್ಯಾರಾ 7. ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಹೈಸ್ಕೂಲಿನ ಸಮಯವನ್ನು 7:50ರಿಂದ 8:45ಕ್ಕೆ ಬದಲಾಯಿಸಿದಾಗ ಮಕ್ಕಳ ನಿದ್ದೆ 34 ನಿಮಿಷ ಹೆಚ್ಚಾಯಿತು.

ಪ್ಯಾರಾ 8. ಶಾಲೆ ತಡವಾದರೆ ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ, ಅಪ್ಪ ಅಮ್ಮನ ಕೆಲಸದ ಸಮಯಕ್ಕೂ ಹೊಂದುವುದಿಲ್ಲ ಅಂತ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ.
'ಅದು ಸರಿಯಲ್ಲ' ಅನ್ನೋದು ನನ್ನ ಮಾತಲ್ಲ, ನಿನ್ನದೇ. ನೀನು ಕೊಟ್ಟ ಉತ್ತರ ಅಷ್ಟೇ.

ಪ್ಯಾರಾ 9. ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು.
ಎರಡನೇ ಪ್ಯಾರಾದ ವಾಕ್ಯವನ್ನೇ ಮತ್ತೆ ಬರೆಯಬೇಕಾಯಿತು. ಪದಗಳು ಬೇರೆ, ವಿಷಯ ಅದೇ. ತೆಗೆದುಬಿಡು.

ಪ್ಯಾರಾ 10. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಶಾಲೆ ತಡವಾಗಿ ಶುರುವಾಗಬೇಕು ಅನ್ನೋದು ಕಾನೂನಾಗಿದೆ, ಜೊತೆಗೆ ಹೋಮ್‌ವರ್ಕೂ ಕಡಿಮೆ ಮಾಡಬೇಕು.
ಹೋಮ್‌ವರ್ಕ್ ಎಲ್ಲಿಂದ ಬಂತು? ಅದು ಬೇರೆ ಪ್ರಬಂಧ.

ಈಗ ನಿನ್ನ ಪ್ರಬಂಧ ಮುಚ್ಚಿಟ್ಟು, ಪ್ಯಾರಾ ಸಂಖ್ಯೆಯ ಪಕ್ಕದ ಹತ್ತು ವಾಕ್ಯಗಳನ್ನು ಮಾತ್ರ ಮೇಲಿಂದ ಕೆಳಗೆ ಓದು. ಪ್ರತಿ ಎರಡರ ನಡುವೆ 'ಆದ್ದರಿಂದ' ಅಥವಾ 'ಆದರೆ' ಹಾಕಿ ನೋಡು. 2ರಿಂದ 3ಕ್ಕೆ 'ಆದರೆ' ಸಲೀಸಾಗಿ ಕೂರುತ್ತದೆ: ಇಷ್ಟು ನಿದ್ದೆ ಬೇಕು, ಆದರೆ ದೇಹ ಬೇಗ ಮಲಗಲು ಬಿಡುವುದಿಲ್ಲ. 4ರಿಂದ 5ಕ್ಕೆ ಏನೂ ಕೂರುವುದಿಲ್ಲ. 'ಇನ್ನೊಂದು ವಿಷಯ ಏನಂದ್ರೆ' ಅಂತ ಮಾತ್ರ ಹೇಳಬಹುದು. 8ರಿಂದ 9ಕ್ಕೂ ಹಾಗೇ. ದಾರ ಹರಿದಿರುವುದು ಅಲ್ಲೆಲ್ಲ.

ಐದನೇ ಪ್ಯಾರಾದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಓದುವಾಗ ಅದು ಚೆನ್ನಾಗೇ ಇದೆ, ಯಾರಾದರೂ ಹೌದು ಅಂತ ತಲೆಯಾಡಿಸುತ್ತಾರೆ. ಆದರೆ ಅದರ ಕೊನೆ ಸಾಲು ನೋಡು: 'ಮೊಬೈಲ್ ದೂರ ಇಟ್ಟರೆ ನಿದ್ದೆ ತಾನಾಗಿ ಬರುತ್ತದೆ.' ತಾನಾಗಿ ಬರುವುದಾದರೆ ಶಾಲೆಯ ಸಮಯ ಯಾಕೆ ಬದಲಾಯಿಸಬೇಕು? ಮೊಬೈಲ್ ಕಿತ್ತಿಟ್ಟರೆ ಸಾಕಲ್ಲ. ಮೂರನೇ ಪ್ಯಾರಾದಲ್ಲಿ ದೇಹದ ಗಡಿಯಾರವೇ ಕಾರಣ ಅಂದೆ, ಐದರಲ್ಲಿ ಕೂತ ಕೊಂಬೆಯನ್ನೇ ಕಡಿದೆ. ಎರಡು ಪ್ಯಾರಾ ದೂರದೂರ ಇರುವುದರಿಂದ ಓದುವಾಗ ಜಗಳ ಕಾಣಿಸುವುದಿಲ್ಲ. ಒಂದೊಂದು ಸಾಲಾಗಿ ಇಳಿಸಿದ ಮೇಲೆ ಎದುರುಬದುರು ನಿಂತವು.

ಅದನ್ನು ಬಿಸಾಕು ಅಂತ ಹೇಳುತ್ತಿಲ್ಲ. ಜಾಗ ಬದಲಾಯಿಸು. ಎದುರಾಳಿಯ ಬಾಯಿಗೆ ಕೊಡು: 'ತಪ್ಪು ಮೊಬೈಲಿನದು, ಶಾಲೆಯದ್ದಲ್ಲ.' ಆಮೇಲೆ ನೀನು ಉತ್ತರ ಕೊಡು. ರಾತ್ರಿ ಹೊತ್ತು ಪರದೆಯ ಬೆಳಕು ನಿದ್ದೆಯನ್ನು ಇನ್ನಷ್ಟು ಮುಂದೂಡಬಹುದು, ಒಪ್ಪಿಕೋ. ಆದರೆ ಹದಿಹರೆಯದವರ ದೇಹದ ಗಡಿಯಾರ ಹಿಂದೆ ಬೀಳುವುದನ್ನು ಸಂಶೋಧಕರು 1990ರ ದಶಕದಲ್ಲೇ ಗುರುತಿಸಿದ್ದರು. ಆಗ ಮಕ್ಕಳ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಈ ಒಂದು ಸಾಲು ಸಾಕು.

ಇನ್ನೊಂದು ಕಡೆ ನಿನ್ನ ಹತ್ತಿರ ಉತ್ತರ ಇದ್ದೂ ಕೊಟ್ಟಿಲ್ಲ. ಎಂಟನೇ ಪ್ಯಾರಾದಲ್ಲಿ 'ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ' ಅನ್ನುವ ಆಕ್ಷೇಪ ಇದೆ. ಏಳರಲ್ಲಿ ಸಿಯಾಟಲ್ ಇದೆ. ಅಲ್ಲಿ ಶಾಲೆಯ ಸಮಯ 55 ನಿಮಿಷ ತಡವಾಯಿತು, ನಿದ್ದೆ 34 ನಿಮಿಷ ಹೆಚ್ಚಾಯಿತು. ಸಿಕ್ಕ ಸಮಯವನ್ನೆಲ್ಲ ಎಚ್ಚರ ಇದ್ದೇ ಕಳೆದಿದ್ದರೆ ಈ ಹೆಚ್ಚಳ ಬರುತ್ತಿತ್ತಾ? ಆಕ್ಷೇಪ ಮುಂದೆ ಬರಲಿ, ಸಿಯಾಟಲ್ ಅದರ ಹಿಂದೆ ಉತ್ತರವಾಗಿ ಬರಲಿ. 55ಕ್ಕೆ 55 ಸಿಕ್ಕಿಲ್ಲ ಅನ್ನುವುದನ್ನೂ ನೀನೇ ಹೇಳಿಬಿಡು, ಇಲ್ಲದಿದ್ದರೆ ಓದುಗರು ಹೇಳುತ್ತಾರೆ. ಅಪ್ಪ ಅಮ್ಮನ ಕೆಲಸದ ಮಾತಿಗೆ ಮಾತ್ರ ನಿನ್ನ ಹತ್ತಿರ ಸದ್ಯಕ್ಕೆ ಏನೂ ಇಲ್ಲ. ಹುಡುಕು. ಸಿಗದಿದ್ದರೆ ಅದು ನಿಜವಾದ ತೊಂದರೆ ಅಂತ ಒಪ್ಪಿಕೊಂಡು ಬರಿ. 'ಸರಿಯಲ್ಲ' ಅಂದುಬಿಡುವುದಕ್ಕಿಂತ ಅದು ಎಷ್ಟೋ ವಾಸಿ.

ಕ್ಯಾಲಿಫೋರ್ನಿಯಾವನ್ನು 'ಇದು ಆಗುವ ಮಾತಾ?' ಅನ್ನುವವರಿಗೆ ಇಟ್ಟುಕೋ. ಕಾನೂನಿಗೆ ಸಹಿ ಬಿದ್ದದ್ದು 2019ರಲ್ಲಿ, ಜಾರಿಗೆ ಬಂದದ್ದು 2022ರಲ್ಲಿ. ನಡುವೆ ಸುಮಾರು ಮೂರು ವರ್ಷ. ತಯಾರಿಗೆ ಸಮಯ ಬೇಕು ಅನ್ನುವುದಕ್ಕೆ ಅದೇ ಒಳ್ಳೆಯ ಉದಾಹರಣೆ. ಅಂದಹಾಗೆ ಅಲ್ಲಿ 8:30ರ ನಿಯಮ ಹೈಸ್ಕೂಲಿಗೆ, ಮಿಡ್ಲ್ ಸ್ಕೂಲಿಗೆ 8:00. ನೀನು ಎರಡನ್ನೂ ಸೇರಿಸಿ ಬರೆದಿದ್ದೀಯ.

ನನಗೆ ಕಾಣುವ ಸಾಲು ಹೀಗೆ: ತೂಕಡಿಕೆ, ಅದರ ಬೆನ್ನಿಗೇ 8:30ರ ವಾದ. ಎಷ್ಟು ನಿದ್ದೆ ಬೇಕು. ಯಾಕೆ ಸಿಗುತ್ತಿಲ್ಲ (ಮೂರನೇ ಪ್ಯಾರಾ, ದುಪ್ಪಟ್ಟು ಉದ್ದ). ಓದಿಗೆ ಏನಾಗುತ್ತದೆ. ಮನಸ್ಸಿಗೆ ಏನಾಗುತ್ತದೆ. ಮೊಬೈಲ್ ಆಕ್ಷೇಪ, ಉತ್ತರ. ತಡವಾಗಿ ಮಲಗುವ ಆಕ್ಷೇಪ, ಸಿಯಾಟಲ್. ಮನೆಯವರ ಕೆಲಸ. ಕೊನೆಗೆ ಕ್ಯಾಲಿಫೋರ್ನಿಯಾ.

ಇದನ್ನೇ ಒಪ್ಪಬೇಕು ಅಂತಿಲ್ಲ. ಮನಸ್ಸಿನ ಪ್ಯಾರಾ ಮೊದಲು ಬಂದರೆ ಚೆಂದ ಅನ್ನಿಸಿದರೆ ಹಾಗೇ ಇಡು, ಆದರೆ ಯಾಕೆ ಅಂತ ನನಗೆ ಹೇಳಬೇಕು. ಗುರುವಾರ ಪ್ರಬಂಧ ತರಬೇಡ. ಪ್ಯಾರಾಕ್ಕೆ ಒಂದರಂತೆ ವಾಕ್ಯಗಳನ್ನು ಮಾತ್ರ ನಿನ್ನ ಕೈಯಾರೆ ಬರೆದು ತಾ. ಎಲ್ಲಾದರೂ 'ಮತ್ತು' ಹಾಕಬೇಕಾಗಿ ಬಂದರೆ ಅದರ ಕೆಳಗೆ ಗೆರೆ ಎಳಿ.